16 ಕೊಡ್ತಿದ್ದ ಗಾಡಿ ಇದ್ದಕ್ಕಿದ್ದಂಗೆ 12ಕ್ಕೆ ಇಳಿದಿದೆ, ಎಲ್ಲಿಂದ ನೋಡ್ಕೊಂಡು ಬರಲಿ?

ಕ್ಯಾತ್ಸಂದ್ರ ಮೇಷ್ಟ್ರು · ನವೆಂಬರ್ 23

ಎಲ್ಲರಿಗೂ ನಮಸ್ಕಾರ. ನಂದು 2015ರ ಪೆಟ್ರೋಲ್ ಗಾಡಿ, 1200 ಸಿಸಿ, ಸಣ್ಣ ಕಾರು. ಹತ್ತು ವರ್ಷದಿಂದ ಒಬ್ಬನೇ ಓಡಿಸ್ತಿದ್ದೀನಿ, ಹಾಗಾಗಿ ಅದರ ಸದ್ದು, ನಡಿಗೆ ಎಲ್ಲಾ ಗೊತ್ತು. ದಿನಾ ಕ್ಯಾತ್ಸಂದ್ರದ ಮನೆಯಿಂದ ತುಮಕೂರು ಪೇಟೆಯ ಕಾಲೇಜಿಗೆ ಹೋಗಿಬರೋದು, ಭಾನುವಾರ ಮಧುಗಿರಿ ಕಡೆ ನಮ್ಮೂರಿಗೆ ಒಂದು ಸಲ. ಈ ಓಡಾಟಕ್ಕೆ ಲೀಟರಿಗೆ 16, 16.5 ಬರ್ತಿತ್ತು. ಪೆಟ್ರೋಲ್ ಹಾಕಿಸಿದ್ದನ್ನು ಡೈರಿಯಲ್ಲಿ ಬರೆದಿಡೋ ಅಭ್ಯಾಸ ಇದೆ. ಈ ತಿಂಗಳು ಡ್ಯಾಶ್‌ಬೋರ್ಡ್ 11.8 ತೋರಿಸ್ತಿದೆ. ಎರಡು ಸಾವಿರಕ್ಕೆ ಹಾಕಿಸಿದ್ದು ಎಂಟು ದಿನಕ್ಕೇ ಮುಗೀತು.

ಲೈಟ್ ಯಾವುದೂ ಉರಿದಿಲ್ಲ. ಎಳೆತ ಕಡಿಮೆ ಆಗಿಲ್ಲ. ಹೊಗೆ ಇಲ್ಲ, ಪೆಟ್ರೋಲ್ ವಾಸನೆ ಇಲ್ಲ. ಗ್ಯಾರೇಜಿನವರನ್ನು ಕೇಳಿದರೆ ಆಕ್ಸಿಜನ್ ಸೆನ್ಸರ್, ಪ್ಲಗ್, ಇಂಜೆಕ್ಟರ್ ಕ್ಲೀನಿಂಗ್ ಎಲ್ಲಾ ಸೇರಿಸಿ ಒಂದೇ ಸಲ ಮಾಡೋಣ ಅಂತಾರೆ. ಹದಿನೈದು ಸಾವಿರದ ಹತ್ತಿರ ಆಗುತ್ತೆ. ಅದಕ್ಕೆ ಮೊದಲು ನಾನೇ ಏನೇನು ನೋಡಬಹುದು?

ಗೌರಿಬಿದನೂರು ಹುಡುಗ · ನವೆಂಬರ್ 23

ಸರ್, ಬಂಕ್ ಬದಲಾಯಿಸಿ. ಇದು ಪಕ್ಕಾ ಪೆಟ್ರೋಲ್ ಸಮಸ್ಯೆ. ಅಳತೆಯಲ್ಲಿ ಹೊಡೀತಾರೆ, ಇಲ್ಲಾಂದ್ರೆ ಕಲಬೆರಕೆ. ಅದರ ಮೇಲೆ ಈಗ ಎಲ್ಲಾ ಕಡೆ ಇಪ್ಪತ್ತು ಪರ್ಸೆಂಟ್ ಎಥನಾಲ್. ನಮ್ಮ ಮನೆ ಗಾಡೀದೂ ಇಳಿದಿದೆ.

ಚಿಂತಾಮಣಿ ನಂಜುಂಡಪ್ಪ · ನವೆಂಬರ್ 23

ಮೇಷ್ಟ್ರೇ, ಹತ್ತು ವರ್ಷ ಆಗಿದೆ, ಇನ್ನು ಅದಕ್ಕೆ ದುಡ್ಡು ಹಾಕಬೇಡಿ. ನಮ್ಮ ಮಗ ಸಿಎನ್‌ಜಿ ಗಾಡಿ ತಗೊಂಡ, ಕೆಜಿಗೆ 26 ಬರ್ತಿದೆ.

ಕೋಲಾರ ಗ್ಯಾರೇಜ್ · ನವೆಂಬರ್ 23

ನಂಜುಂಡಪ್ಪನೋರೆ, ಅವರು ಹೊಸ ಗಾಡಿ ಯಾವುದು ಅಂತ ಕೇಳಿಲ್ಲ, ಇರೋ ಗಾಡಿಗೆ ಏನಾಯ್ತು ಅಂತ ಕೇಳಿದಾರೆ.

ಮೇಷ್ಟ್ರೇ, ನಾನು ಇಪ್ಪತ್ತಾರು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ಗಾಡಿ ಮುಟ್ಟೋ ಮೊದಲು ಎರಡು ಪ್ರಶ್ನೆ. ಒಂದು, 11.8 ಅನ್ನೋದು ಡ್ಯಾಶ್‌ಬೋರ್ಡ್ ಲೆಕ್ಕ. ಅದು ಯಾವಾಗಿಂದ ಕೂಡಿಸ್ಕೊಂಡು ಬಂದಿದೆಯೋ ನಮಗೆ ಕಾಣಲ್ಲ, ಬ್ಯಾಟರಿ ತೆಗೆದು ಹಾಕಿದ್ರೆ ಮತ್ತೆ ಸೊನ್ನೆಯಿಂದ ಶುರು ಆಗಿರುತ್ತೆ. ಎರಡು ಸಾವಿರದ ಲೆಕ್ಕವೂ ಸರಿ ಬರಲ್ಲ, ಯಾಕಂದ್ರೆ ಹಾಕಿಸೋಕೆ ಮೊದಲು ಟ್ಯಾಂಕಲ್ಲಿ ಎಷ್ಟಿತ್ತು ಅನ್ನೋದು ಗೊತ್ತಿರಲ್ಲ. ಅದಕ್ಕೇ ಮೊದಲು ನಾಲ್ಕೂ ಚಕ್ರದ ಗಾಳಿ ಬೆಳಿಗ್ಗೆ ಗಾಡಿ ತಣ್ಣಗಿದ್ದಾಗ ನೋಡ್ಸಿ. ಡ್ರೈವರ್ ಬಾಗಿಲ ಕಂಬದಲ್ಲಿ ಅಂಟಿಸಿರೋ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟು ತುಂಬಿಸಿ. ಆಮೇಲೆ ಒಂದು ಬಂಕಲ್ಲಿ, ನಳಿಕೆ ತಾನೇ ಟಕ್ ಅಂತ ನಿಲ್ಲೋವರೆಗೂ ಫುಲ್ ಮಾಡ್ಸಿ. ಅದರ ಮೇಲೆ ಒಂದು ಹನಿಯೂ ತುರುಕಿಸಬೇಡಿ. ಮುನ್ನೂರು ಕಿಲೋಮೀಟರ್ ಓಡಿಸಿ ಅದೇ ಬಂಕು, ಅದೇ ಪಂಪು, ಮತ್ತೆ ಮೊದಲನೇ ಟಕ್‌ಗೆ ನಿಲ್ಸಿ. ಎರಡನೇ ಸಲ ಎಷ್ಟು ಲೀಟರ್ ಹಿಡೀತೋ ಅದೇ ನೀವು ಸುಟ್ಟಿರೋದು.

ಎರಡನೇ ಪ್ರಶ್ನೆ ಇನ್ನೂ ಮುಖ್ಯ. ಮೈಲೇಜ್ ಇಳಿಯೋಕೆ ಮೊದಲಿನ ಎರಡು ತಿಂಗಳಲ್ಲಿ ಗಾಡಿಗೆ ಯಾರು ಯಾರು ಕೈ ಹಾಕಿದಾರೆ? ತಾನೇ ಸವೆಯೋದು ಮೆಲ್ಲಗೆ ಸವೆಯುತ್ತೆ. ಪ್ಲಗ್ ಸವೆದ್ರೂ ಮೈಲೇಜ್ ಮೆಲ್ಲಗೇ ಇಳಿಯುತ್ತೆ. ತಿಂಗಳೊಳಗೆ ಕಾಲು ಭಾಗ ಹೋಗಿದೆ ಅಂದ್ರೆ ಏನೋ ಅಂಟಿಕೊಂಡಿದೆ, ಇಲ್ಲಾ ಯಾರೋ ಏನೋ ಬದಲಾಯಿಸಿದಾರೆ.

ಗೌರಿಬಿದನೂರಿನ ತಮ್ಮನಿಗೆ: ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಶಾಖ ಮೂರನೇ ಒಂದು ಭಾಗ ಕಡಿಮೆ, ಅದು ನಿಜ. 20 ಪರ್ಸೆಂಟ್ ಸೇರಿಸಿದ್ರೆ ಬರಿ ಪೆಟ್ರೋಲಿಗಿಂತ ಆರೇಳು ಪರ್ಸೆಂಟ್ ಹೋಗುತ್ತೆ. 2021ರಲ್ಲಿ ನೀತಿ ಆಯೋಗದ ವರದಿ ಕೂಡ ಹಳೇ ನಾಲ್ಕು ಚಕ್ರದ ಗಾಡಿಗಳಿಗೆ ಹೆಚ್ಚೂಕಮ್ಮಿ ಅಷ್ಟೇ ಅಂದಾಜು ಹೇಳಿತ್ತು. ಮೊದಲೇ 10 ಪರ್ಸೆಂಟ್ ಇತ್ತಲ್ಲ, ಅದಕ್ಕೆ ಹೋಲಿಸಿದರೆ ಇನ್ನೂ ಕಡಿಮೆ. ಮೇಷ್ಟ್ರದ್ದು ಇಪ್ಪತ್ತೈದು ಪರ್ಸೆಂಟ್ ಹೋಗಿದೆ. ಅದನ್ನೆಲ್ಲಾ ಎಥನಾಲ್ ಮೇಲೆ ಹಾಕೋಕಾಗಲ್ಲ.

ಶಿರಾ ವೀಣಾ · ನವೆಂಬರ್ 24

ನನಗೂ ಹೋದ ವರ್ಷ ಇದೇ ಆಗಿತ್ತು. ಸ್ಕ್ಯಾನರ್ ಹಾಕಿ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂದ್ರು, ಏಳು ಸಾವಿರ ಕೊಟ್ಟು ಹಾಕಿಸಿದೆ. ಅದೇ ದಿನ ಪ್ಲಗ್ಗೂ ಬದಲಾಯಿಸಿ, ಥ್ರಾಟಲ್ ಬಾಡಿನೂ ಕ್ಲೀನ್ ಮಾಡಿದ್ರು. ಎರಡು ಪಾಯಿಂಟ್ ವಾಪಸ್ ಬಂತು. ಯಾವುದರಿಂದ ಬಂತು ಅಂತ ಇವತ್ತಿಗೂ ಗೊತ್ತಿಲ್ಲ. ಈಗ ಮತ್ತೆ ಇಳೀತಿದೆ, ಏನು ಮಾಡಬೇಕೋ ತೋಚ್ತಿಲ್ಲ. ಅಣ್ಣ, ನಂದೂ ಸ್ವಲ್ಪ ಹೇಳಿ.

ಕೋಲಾರ ಗ್ಯಾರೇಜ್ · ನವೆಂಬರ್ 24

ಹೇಳ್ತೀನಕ್ಕ, ಮೊದಲು ಇವರದ್ದು ಒಂದು ದಡ ಮುಟ್ಟಲಿ. ನಿಮ್ಮ ಅನುಭವದಲ್ಲೇ ಒಂದು ಪಾಠ ಇದೆ. ಒಂದು ಸಲಕ್ಕೆ ಒಂದೇ ಕೆಲಸ, ಆಮೇಲೆ ಒಂದು ಟ್ಯಾಂಕ್ ಅಳತೆ. ಮೂರು ಒಟ್ಟಿಗೆ ಮಾಡಿದ್ರೆ ಮುಂದಿನ ಸಲ ಮತ್ತೆ ಮೂರೂ ಮಾಡಿಸಬೇಕಾಗುತ್ತೆ.

ಕ್ಯಾತ್ಸಂದ್ರ ಮೇಷ್ಟ್ರು · ಡಿಸೆಂಬರ್ 3

ಅಳತೆ ಮುಗಿಸಿ ಬರೀತಿದ್ದೀನಿ. ಗಾಳಿ ನೋಡ್ಸಿದಾಗ 25, 24, 27, 25 ಇತ್ತು. ಚೀಟಿಯಲ್ಲಿರೋದು 33. ನಾನು ಕಣ್ಣಳತೆಯಲ್ಲೇ ಸರಿ ಇದೆ ಅಂದ್ಕೊಂಡಿದ್ದೆ, ಹಾಗೆ ಬಿಟ್ಟಿದ್ದು ತಪ್ಪಾಯ್ತು. 33ಕ್ಕೆ ತುಂಬಿಸಿದ ಮೇಲೆ ಓಡಿಸಿದ್ದು 318 ಕಿಲೋಮೀಟರ್, ಹಿಡಿದಿದ್ದು 25.2 ಲೀಟರ್. ಅಂದ್ರೆ 12.6. ಡ್ಯಾಶ್‌ಬೋರ್ಡ್ ಹೇಳಿದಷ್ಟು ಕೆಟ್ಟದಾಗಿಲ್ಲ, ಆದರೂ ಇಳಿದಿರೋದು ನಿಜ.

ಬಂಕಲ್ಲಿ ಐದು ಲೀಟರಿನ ಮಾಪು ಕೇಳಿದೆ. ಸೀಲ್ ಇರೋ ಪಾತ್ರೆ ತಂದು ನನ್ನ ಮುಂದೆಯೇ ಹಿಡಿದ್ರು, ಗೆರೆಗೆ ಸರಿಯಾಗಿ ಬಂತು.

ಯಾರು ಕೈ ಹಾಕಿದ್ರು ಅಂತ ಡೈರಿ ತಿರುವಿದೆ. ದಸರೆಗೆ ನಾಲ್ಕೂ ಟೈರ್ ಹೊಸದು ಹಾಕಿಸಿದೆ. ನವೆಂಬರ್ ಮೊದಲ ವಾರ ಊರಿನ ಒಂದು ಗ್ಯಾರೇಜಲ್ಲಿ ಸರ್ವಿಸ್ ಆಯ್ತು. ಆಗ ಎರಡು ದೂರು ಹೇಳಿದ್ದೆ: ಹ್ಯಾಂಡ್‌ಬ್ರೇಕ್ ತುಂಬಾ ಮೇಲೆ ಎಳೆಯಬೇಕು ಅಂತ ಒಂದು, ಬಾನೆಟ್ ಕೆಳಗೆ ಕೂಲೆಂಟ್ ಸೋರ್ತಿದೆ ಅಂತ ಇನ್ನೊಂದು. ಎರಡೂ ಸರಿ ಮಾಡಿಕೊಟ್ರು. ಅಮ್ಮನ ಆಸ್ಪತ್ರೆ ಓಡಾಟ ಇದ್ದಿದ್ರಿಂದ ಅಕ್ಟೋಬರ್ ಲೆಕ್ಕ ಬರೆದಿಲ್ಲ.

ಗೌರಿಬಿದನೂರು ಹುಡುಗ · ಡಿಸೆಂಬರ್ 3

ಮಾಪು ಸರಿ ಬಂತು ಅಂದ್ರೆ ಅಳತೆ ಸರಿ ಇರಬಹುದು ಸರ್, ಕಲಬೆರಕೆ ಇಲ್ಲ ಅಂತಲ್ಲ.

ಕೋಲಾರ ಗ್ಯಾರೇಜ್ · ಡಿಸೆಂಬರ್ 3

ಸರಿಯಾಗಿ ಹೇಳ್ದೆ ತಮ್ಮ. ಫಿಲ್ಟರ್ ಪೇಪರ್ ಕೇಳಿ ಮೇಲೆ ಒಂದು ಹನಿ ಬಿಟ್ಟು ನೋಡಬಹುದು, ಕಲೆ ಉಳೀದೆ ಆರಬೇಕು. ಎಲ್ಲಾ ಕಲಬೆರಕೆನೂ ಅದರಲ್ಲಿ ಸಿಗಲ್ಲ ಅನ್ನೋದನ್ನೂ ಒಪ್ತೀನಿ. ಆದ್ರೆ ಮೈಲೇಜು ಕಾಲು ಭಾಗ ತಿನ್ನೋ ಅಷ್ಟು ಕಲಬೆರಕೆ ಇದ್ದಿದ್ರೆ ಇಂಜಿನ್ ನಡುಗೋದು, ಏರಿನಲ್ಲಿ ಟಕಟಕ ಅನ್ನೋದು, ಬೆಳಿಗ್ಗೆ ಸ್ಟಾರ್ಟ್ ಆಗೋಕೆ ಸತಾಯಿಸೋದು. ಮೇಷ್ಟ್ರು ಎಳೆತ ಸರಿ ಇದೆ ಅಂತ ಮೊದಲೇ ಹೇಳಿದಾರೆ.

ಮೇಷ್ಟ್ರೇ, ನಿಮ್ಮ ಎರಡೂ ದೂರು ನನಗೆ ಅನುಮಾನ ತಂದಿವೆ. ಹ್ಯಾಂಡ್‌ಬ್ರೇಕಿಂದ ಶುರು ಮಾಡಿ, ಅದಕ್ಕೆ ಖರ್ಚಿಲ್ಲ. ಟ್ರಾಫಿಕ್ ಇಲ್ಲದ ಹೊತ್ತಲ್ಲಿ ಶಿರಾ ರಸ್ತೆ ಕಡೆ ಹತ್ತು ಹನ್ನೆರಡು ಕಿಲೋಮೀಟರ್ ಓಡಿಸಿ. ಬ್ರೇಕ್ ಆದಷ್ಟು ಮುಟ್ಟಬೇಡಿ. ನಿಲ್ಲಿಸೋವಾಗ ಆಕ್ಸಿಲರೇಟರ್ ಬಿಟ್ಟು ಗೇರ್ ಇಳಿಸ್ಕೊಂಡು ಮೆಲ್ಲಗೆ ಪಕ್ಕಕ್ಕೆ ಬನ್ನಿ. ಇಳಿದು ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡಿ, ತಾಗಿಸಬೇಡಿ, ಚರ್ಮ ಸುಡುತ್ತೆ. ಎಡ ಬಲ ಒಂದೇ ಥರ ಬೆಚ್ಚಗಿರಬೇಕು. ಒಂದು ಕಡೆ ಕಾವು ಎದ್ದು ಬರ್ತಿದ್ರೆ ಆ ಚಕ್ರ ಬ್ರೇಕ್ ಹಿಡ್ಕೊಂಡೇ ಓಡ್ತಿದೆ.

ಶಿರಾ ವೀಣಾ · ಡಿಸೆಂಬರ್ 4

ಕೊರೊನಾ ಕಾಲದಲ್ಲಿ ಹಣೆಗೆ ಹಿಡೀತಿದ್ದ ಗನ್ ನಮ್ಮನೇಲಿದೆ. ಅದರಲ್ಲಿ ನೋಡಬಹುದಾ?

ಕೋಲಾರ ಗ್ಯಾರೇಜ್ · ಡಿಸೆಂಬರ್ 4

ಅದು ಮೈ ಜ್ವರಕ್ಕೆ ಮಾಡಿರೋದಕ್ಕ, 43ರ ಆಚೆ `Hi` ಅಂತ ತೋರಿಸಿ ಸುಮ್ಮನಾಗುತ್ತೆ. ಕಾರ್ಖಾನೆಯಲ್ಲಿ ಬಳಸೋ ಗನ್ ಬೇಕು. ಅಂಗೈಯೇ ಸಾಕು, ಎಡಕ್ಕೂ ಬಲಕ್ಕೂ ವ್ಯತ್ಯಾಸ ಗೊತ್ತಾದ್ರೆ ಆಯ್ತು.

ಕ್ಯಾತ್ಸಂದ್ರ ಮೇಷ್ಟ್ರು · ಡಿಸೆಂಬರ್ 7

ನೀವು ಹೇಳಿದ್ದು ನಿಜ. ನನ್ನ ಹಳೇ ವಿದ್ಯಾರ್ಥಿ ವಸಂತನರಸಾಪುರದ ಕಾರ್ಖಾನೆಯಲ್ಲಿ ಕೆಲಸ ಮಾಡ್ತಾನೆ, ಅವನೇ ಗನ್ ತಂದ. ಹಿಂದಿನ ಎಡ ಡ್ರಮ್ 92, ಬಲ ಡ್ರಮ್ 48. ಮುಂದಿನವು ಎರಡೂ 70ರ ಆಸುಪಾಸು. ಜಾಕ್ ಹಾಕಿ ಎತ್ತಿ ತಿರುಗಿಸಿದರೆ ಬಲ ಚಕ್ರ ನಾಲ್ಕೈದು ಸುತ್ತು ಹೋಗುತ್ತೆ, ಎಡದ್ದು ಕೈ ಬಿಟ್ಟ ತಕ್ಷಣ ನಿಲ್ಲುತ್ತೆ. ಹ್ಯಾಂಡ್‌ಬ್ರೇಕ್ ಎಳೆದು ಎಣಿಸಿದೆ, ಮೂರೇ ಟಿಕ್ಕಿಗೆ ಬಿಗಿಯಾಗುತ್ತೆ.

ಕೋಲಾರ ಗ್ಯಾರೇಜ್ · ಡಿಸೆಂಬರ್ 7

ಸಿಕ್ತು ಒಂದು. ಹ್ಯಾಂಡ್‌ಬ್ರೇಕ್ ಮೇಲೆ ಬರೋದು ಒಳಗೆ ಲೈನರ್ ಸವೆದಾಗ. ಡ್ರಮ್ ಬಿಚ್ಚಿ, ಲೈನರ್ ನೋಡಿ, ಒಳಗಿನ ಅಡ್ಜಸ್ಟರ್ ಸರಿ ಮಾಡಿ, ಕೊನೇಗೆ ಬೇಕಿದ್ರೆ ಮಾತ್ರ ಕೇಬಲ್ ಎಳೆಯಬೇಕು. ಅವಸರದವರು ಡ್ರಮ್ ಬಿಚ್ಚದೆ ಲಿವರ್ ಹತ್ತಿರ ಕೇಬಲ್ ನಟ್ಟು ಬಿಗಿಸಿ ಕಳಿಸ್ತಾರೆ. ಆಗ ಲಿವರ್ ಇಳಿಸಿದ್ರೂ ಲೈನರ್ ಡ್ರಮ್ಮಿಗೆ ಉಜ್ಜುತ್ತಾನೇ ಇರುತ್ತೆ. ಎಡಗಡೆ ಕೇಬಲ್ ಒಳಗೆ ತುಕ್ಕೂ ಇರಬಹುದು, ಅದಕ್ಕೇ ಒಂದು ಕಡೆ ಮಾತ್ರ ಜಾಸ್ತಿ. ಡ್ರಮ್ ಬಿಚ್ಚಿಸಿ ಕ್ರಮವಾಗಿ ಮಾಡಿಸಿ. ಬೇರೆ ಏನೂ ಮುಟ್ಟಿಸಬೇಡಿ, ಒಂದು ಟ್ಯಾಂಕ್ ಅಳೆದು ಬನ್ನಿ.

ಕ್ಯಾತ್ಸಂದ್ರ ಮೇಷ್ಟ್ರು · ಡಿಸೆಂಬರ್ 18

ಬೇರೆ ಗ್ಯಾರೇಜಲ್ಲಿ ಮಾಡಿಸಿದೆ, ಪಕ್ಕದಲ್ಲೇ ನಿಂತು ನೋಡಿದೆ. ಎಡ ಕೇಬಲ್ ತುಕ್ಕು ಹಿಡಿದಿತ್ತು, ಬದಲಾಯಿಸಿದ್ರು. ಈಗ ಏಳು ಟಿಕ್. ಎರಡೂ ಚಕ್ರ ಒಂದೇ ಥರ ತಿರುಗುತ್ತೆ. 301 ಕಿಲೋಮೀಟರಿಗೆ 21.9 ಲೀಟರ್ ಹಿಡೀತು, ಅಂದ್ರೆ 13.7. ಏರಿದೆ, ಆದರೆ ಅರ್ಧ ದಾರಿಯೂ ಬಂದಿಲ್ಲ.

ತಿಪಟೂರು ಟ್ರಾವೆಲ್ಸ್ · ಡಿಸೆಂಬರ್ 18

ಚಳಿ ಸರ್, ಇನ್ನೇನಿಲ್ಲ. ಚಳಿಗಾಲದಲ್ಲಿ ಪೆಟ್ರೋಲ್ ಗಾಡಿ ಒಂದೂವರೆ ಪಾಯಿಂಟ್ ಕಮ್ಮಿ ಕೊಡುತ್ತೆ. ಇಂಜಿನ್ ಬಿಸಿಯಾಗೋವರೆಗೂ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ. ಬೆಳಿಗ್ಗೆ ಐದು ನಿಮಿಷ ನಿಂತಲ್ಲೇ ಸ್ಟಾರ್ಟ್ ಇಟ್ಟು ಬಿಸಿ ಮಾಡಿ ಆಮೇಲೆ ಹೊರಡಿ, ಸರಿಹೋಗುತ್ತೆ.

ಕೋಲಾರ ಗ್ಯಾರೇಜ್ · ಡಿಸೆಂಬರ್ 18

ಅಣ್ಣ, ಅರ್ಧ ಸರಿ ಹೇಳಿದ್ರಿ. ತಣ್ಣಗಿರೋ ಇಂಜಿನ್ ಜಾಸ್ತಿ ಕುಡಿಯುತ್ತೆ ಅನ್ನೋದು ನೂರಕ್ಕೆ ನೂರು. ಪೆಟ್ರೋಲ್ ಆವಿಯಾಗದೆ ಒಳಗಿನ ಗೋಡೆಗೆ ಅಂಟುತ್ತೆ, ಅದನ್ನ ಸರಿದೂಗಿಸೋಕೆ ಕಂಪ್ಯೂಟರ್ ಇನ್ನಷ್ಟು ಸುರಿಯುತ್ತೆ. ಆಯಿಲ್ ದಪ್ಪ ಇರುತ್ತೆ, ಐಡ್ಲಿಂಗೂ ಮೇಲೆ ಇರುತ್ತೆ. ಆದ್ರೆ ನಿಂತಲ್ಲಿ ಐದು ನಿಮಿಷ ಉರಿಸಿದ್ರೆ ಸೊನ್ನೆ ಕಿಲೋಮೀಟರಿಗೆ ಪೆಟ್ರೋಲ್ ಸುಟ್ಟಂಗೆ, ಮೈಲೇಜ್ ಇನ್ನೂ ಇಳಿಯುತ್ತೆ. ಸ್ಟಾರ್ಟ್ ಮಾಡಿ ಅರ್ಧ ನಿಮಿಷಕ್ಕೆ ಹೊರಟು ಮೊದಲ ಎರಡು ಕಿಲೋಮೀಟರ್ ಮೆತ್ತಗೆ ಓಡಿಸೋದೇ ಸರಿ. ಅಲ್ದೆ ತುಮಕೂರಿನ ಡಿಸೆಂಬರ್ ಬೆಳಿಗ್ಗೆ 15, 16 ಡಿಗ್ರಿ. ಅದು ಇವರ ಡೈರಿಯಲ್ಲಿ ಹಿಂದಿನ ಡಿಸೆಂಬರುಗಳಲ್ಲೂ ಇತ್ತಲ್ಲ?

ಮೇಷ್ಟ್ರೇ, ಹಳೇ ಡಿಸೆಂಬರ್ ಲೆಕ್ಕ ನೋಡಿ ಹೇಳಿ. ಇನ್ನೊಂದು, ಇಂಜಿನ್ ನಿಜವಾಗಿ ಬಿಸಿ ಆಗ್ತಿದೆಯಾ ಅಂತ ನೋಡಬೇಕು. ನಿಮ್ಮ ಎರಡನೇ ದೂರು ಕೂಲೆಂಟ್ ಸೋರಿಕೆ ತಾನೆ. ಸೋರಿಕೆ ಹೇಗೆ ನಿಲ್ಲಿಸಿದ್ರು ಅಂತ ಗೊತ್ತಾ? ಹದಿನೈದು ನಿಮಿಷ ಓಡಿಸಿದ ಮೇಲೆ ಎಸಿ ಆಫ್ ಮಾಡಿ, ಹೀಟರ್ ತಿರುಪು ಪೂರ್ತಿ ಕೆಂಪಿಗೆ ತಿರುಗಿಸಿ. ಮುಖಕ್ಕೆ ತಡೆಯೋಕಾಗದಷ್ಟು ಬಿಸಿ ಗಾಳಿ ಬರಬೇಕು. ಉಗುರು ಬೆಚ್ಚಗೆ ಬಂದ್ರೆ ಇಂಜಿನ್ ಇನ್ನೂ ತಣ್ಣಗಿದೆ. ನಿಮ್ಮ ವಿದ್ಯಾರ್ಥಿ ಹತ್ರ `ELM327` ಅನ್ನೋ ಸಣ್ಣ ಸ್ಕ್ಯಾನರ್ ಇದ್ರೆ ಗಾಡಿಗೆ ಹಾಕಿ, ಫೋನಿಗೆ ಜೋಡಿಸಿ `Engine Coolant Temperature` ನೋಡಿ.

ಕ್ಯಾತ್ಸಂದ್ರ ಮೇಷ್ಟ್ರು · ಡಿಸೆಂಬರ್ 21

ಹಿಂದಿನ ಮೂರು ಡಿಸೆಂಬರ್: 15.9, 16.2, 15.8. ಚಳಿಗೆ ಅರ್ಧ ಪಾಯಿಂಟ್ ಅಷ್ಟೇ.

ಇನ್ನು ಬಿಸಿ ವಿಚಾರ. ಬೆಳಿಗ್ಗೆ ಏಳಕ್ಕೆ ಹೊರಟೆ. ಪೇಟೆಯೊಳಗೆ ಹನ್ನೆರಡು ನಿಮಿಷ ಆದ ಮೇಲೆ 58 ಡಿಗ್ರಿ. ಶಿರಾ ರಸ್ತೆಯಲ್ಲಿ 80ರ ವೇಗದಲ್ಲಿ ಇಪ್ಪತ್ತು ನಿಮಿಷ ಹೋದೆ, 64ರ ಮೇಲೆ ಏರಲೇ ಇಲ್ಲ. ವಾಪಸ್ ಬಂದು ಸಿಗ್ನಲ್ಲಲ್ಲಿ ನಿಂತಾಗ 70 ದಾಟ್ತು, ಹೊರಟ ಕೂಡಲೇ ಮತ್ತೆ ಇಳೀತು. ಹೀಟರ್ ಗಾಳಿ ಉಗುರು ಬೆಚ್ಚಗೆ. ಐಡ್ಲಿಂಗ್ 1000ದ ಹತ್ತಿರ ನಿಂತಿದೆ, ಮೊದಲು 750 ಇರ್ತಿತ್ತು. ನಮ್ಮ ಗಾಡಿಯಲ್ಲಿ ಟೆಂಪರೇಚರ್ ಮುಳ್ಳು ಇಲ್ಲ, ನೀಲಿ ಲೈಟ್ ಮಾತ್ರ. ಅದು ಬೇಗ ಆರ್ತಿದ್ದಿದ್ರಿಂದ ನನಗೆ ಗೊತ್ತಾಗಲಿಲ್ಲ.

ಕೋಲಾರ ಗ್ಯಾರೇಜ್ · ಡಿಸೆಂಬರ್ 21

ಇದೇ ನೋಡಿ. ಓಡುವಾಗ ಇಳಿದು ನಿಂತಾಗ ಏರ್ತಿದೆ ಅಂದ್ರೆ ರೇಡಿಯೇಟರಿಗೆ ನೀರು ಸದಾ ಹರೀತಾನೇ ಇದೆ, ಎದುರುಗಾಳಿ ತಣ್ಣಗೆ ಮಾಡ್ತಿದೆ. ಅದನ್ನ ತಡೆದು ಹಿಡಿಯೋಕೆ ಥರ್ಮೋಸ್ಟಾಟ್ ಅಂತ ಒಂದು ವಾಲ್ವ್ ಇರುತ್ತೆ. ಬಹಳಷ್ಟು ಗಾಡಿಗಳಲ್ಲಿ 82ಕ್ಕೋ 88ಕ್ಕೋ ಬಾಯಿ ಬಿಡುತ್ತೆ, ಅದರ ಮೈ ಮೇಲೇ ಅಚ್ಚು ಹಾಕಿರ್ತಾರೆ. ನಿಮ್ಮದು ತೆರೆದುಕೊಂಡೇ ಅಂಟಿಕೊಂಡಿದೆ, ಇಲ್ಲಾ ಒಳಗೆ ಇಲ್ಲವೇ ಇಲ್ಲ. ಅದರ ಡಬ್ಬಿ ಹತ್ತಿರ ಸೋರಿದಾಗ ಎಷ್ಟೋ ಜನ ವಾಲ್ವ್ ಕಿತ್ತು ಬಿಸಾಕಿ ಪೇಸ್ಟ್ ಹಾಕಿ ಮುಚ್ಚಿಬಿಡ್ತಾರೆ.

ಇಂಜಿನ್ ಪೂರಾ ತಣ್ಣಗಿದ್ದಾಗ ಬಿಚ್ಚಿಸಿ. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳಕ್ಕೆ ಯಾರೂ ಕೈ ಹಾಕಬೇಡಿ.

ತಿಪಟೂರು ಟ್ರಾವೆಲ್ಸ್ · ಡಿಸೆಂಬರ್ 21

ಕೋಲಾರದಣ್ಣ, ಇದನ್ನ ನಾನು ಒಪ್ಪಲ್ಲ. ನಮ್ಮ ದೇಶದ ಬಿಸಿಲಿಗೆ ಥರ್ಮೋಸ್ಟಾಟ್ ಯಾಕೆ? ನನ್ನ ಎರಡು ಗಾಡಿಯಲ್ಲಿ ನಾನೇ ತೆಗೆಸಿದ್ದೀನಿ. ಅದು ಮುಚ್ಕೊಂಡು ಕೂತ್ರೆ ಹೆಡ್ ಹೋಗುತ್ತೆ, ಮೂವತ್ತು ಸಾವಿರ. ಧರ್ಮಸ್ಥಳ ಘಾಟಿಯಲ್ಲಿ ಒಂದ್ಸಲ ಅನುಭವಿಸಿದ್ದೀನಿ.

ಕೋಲಾರ ಗ್ಯಾರೇಜ್ · ಡಿಸೆಂಬರ್ 21

ಘಾಟಿಯಲ್ಲಿ ಪಟ್ಟ ಕಷ್ಟ ಅರ್ಥ ಆಗುತ್ತಣ್ಣ, ಮುಚ್ಚಿಕೊಂಡು ಕೂರೋದೂ ಉಂಟು. ಆದ್ರೆ ಅದು ಯಾಕೆ ಕೂರುತ್ತೆ? ಎಷ್ಟೋ ಸಲ ಕೂಲೆಂಟ್ ಬದಲು ಬೋರ್‌ವೆಲ್ ನೀರು ಹಾಕಿದ್ದಕ್ಕೆ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ನೀರು ಸಾವಿರ ಅಡಿ ಕೆಳಗಿಂದ ಬರೋದು, ಪಾತ್ರೇಲಿ ಕಾಯಿಸಿದ್ರೆ ಬಿಳಿ ಪೊರೆ ಕಟ್ಟುತ್ತೆ. ಅದೇ ಪೊರೆ ವಾಲ್ವಿನಲ್ಲೂ ರೇಡಿಯೇಟರಲ್ಲೂ ಕಟ್ಟುತ್ತೆ. ಹೊರಗೆ 38 ಡಿಗ್ರಿ ಬಿಸಿಲಿದ್ರೂ ಇಂಜಿನ್ನಿಗೆ ಬೇಕಾಗಿರೋದು 85, 90. ಬಿಸಿಲು ಅದನ್ನ ಕೊಡಲ್ಲ. ದಿನಕ್ಕೆ ಇನ್ನೂರು ಕಿಲೋಮೀಟರ್ ಓಡೋ ನಿಮ್ಮ ಗಾಡಿಯಲ್ಲಿ ನಷ್ಟ ಅಷ್ಟು ಕಾಣದೆ ಇರಬಹುದು. ಐದೈದು ಕಿಲೋಮೀಟರ್ ಓಡೋ ಮೇಷ್ಟ್ರ ಗಾಡಿ ಬಿಸಿಯಾಗೋಕೆ ಮೊದಲೇ ಕಾಲೇಜು ಬಂದಿರುತ್ತೆ.

ಕ್ಯಾತ್ಸಂದ್ರ ಮೇಷ್ಟ್ರು · ಡಿಸೆಂಬರ್ 27

ಬಿಚ್ಚಿಸಿದೆ. ಒಳಗೆ ವಾಲ್ವ್ ಇರಲಿಲ್ಲ. ಖಾಲಿ ಡಬ್ಬಿ, ಸುತ್ತ ಕಪ್ಪು ಪೇಸ್ಟು. ನನ್ನನ್ನ ಕೇಳದೆ ತೆಗೆದಿದ್ದು, ಬಿಲ್ಲಿನಲ್ಲೂ ಬರೆಯದೆ ಇದ್ದದ್ದು ನನಗೆ ಬಹಳ ನೋವಾಯ್ತು. ಹೇಳಿದ್ದಿದ್ರೆ ಅವತ್ತೇ ಹೊಸದು ಹಾಕಿಸ್ತಿದ್ದೆ.

ಹೊಸ ವಾಲ್ವ್, ರಬ್ಬರ್ ರಿಂಗ್, ಕೂಲೆಂಟ್, ಕೂಲಿ ಎಲ್ಲಾ ಸೇರಿ 1,850 ರೂಪಾಯಿ. ಹಾಕೋಕೆ ಮೊದಲು ಮೆಕ್ಯಾನಿಕ್ ಒಂದು ಒಳ್ಳೇ ಕೆಲಸ ಮಾಡಿದ್ರು. ಹೊಸದನ್ನೇ ಪಾತ್ರೆ ನೀರಲ್ಲಿ ಮುಳುಗಿಸಿ ಸ್ಟವ್ ಮೇಲಿಟ್ರು. ತಣ್ಣೀರಲ್ಲಿ ಬಾಯಿ ಬಿಗಿ ಮುಚ್ಚಿತ್ತು, ನೀರು ಕುದಿಯೋ ಹೊತ್ತಿಗೆ ಪೂರ್ತಿ ತೆರೆದಿತ್ತು, ಹೊರಗೆ ತೆಗೆದಿಟ್ಟಾಗ ಮೆಲ್ಲಗೆ ಮುಚ್ಚಿಕೊಳ್ತು. ಮರುದಿನ ಬೆಳಿಗ್ಗೆ ಎಂಟು ನಿಮಿಷಕ್ಕೆ 84 ಮುಟ್ಟಿತು. ಆಮೇಲೆ ಪೇಟೆಯಾಗಲಿ ಹೈವೇ ಆಗಲಿ 86ರಿಂದ 92ರ ಒಳಗೇ ಇದೆ. ಐಡ್ಲಿಂಗ್ ಮತ್ತೆ 750.

ಶಿರಾ ವೀಣಾ · ಡಿಸೆಂಬರ್ 28

ಇಷ್ಟು ದಿನ ಚೆಕ್ ಇಂಜಿನ್ ಲೈಟ್ ಯಾಕೆ ಬರಲಿಲ್ಲ ಅಣ್ಣ? ನಂದೂ ಬಂದಿಲ್ಲ.

ಕೋಲಾರ ಗ್ಯಾರೇಜ್ · ಡಿಸೆಂಬರ್ 28

ಕೆಲವು ಗಾಡಿಯಲ್ಲಿ ಇದಕ್ಕೆ `P0128` ಅಂತ ಕೋಡ್ ಬರುತ್ತೆ, ಕೆಲವಲ್ಲಿ ಬರಲ್ಲ. ಸೆನ್ಸರ್ 60 ಡಿಗ್ರಿ ಅಂತ ನಿಜಾನೇ ಹೇಳ್ತಿದೆ, ಅದು ಹಾಳಾಗಿಲ್ಲ. ಕಂಪ್ಯೂಟರ್ ಆ 60ಕ್ಕೆ ತಕ್ಕಂತೆ ಪೆಟ್ರೋಲ್ ಕೊಡ್ತಿದೆ. ಚಕ್ರ ಉಜ್ಜೋದಂತೂ ಅದಕ್ಕೆ ತಿಳಿಯೋದೇ ಇಲ್ಲ. ಲೈಟ್ ಇಲ್ಲ ಅಂದ್ರೆ ದೋಷ ಇಲ್ಲ ಅಂತಲ್ಲ. ಅಕ್ಕ, ನೀವೂ ಮೊದಲು ಹೀಟರ್ ತಿರುಗಿಸಿ ನೋಡಿ. ಗಾಳಿ ಸುಡುವಷ್ಟು ಬಿಸಿ ಬಂದ್ರೆ ನಿಮ್ಮದು ಬೇರೆ ದಾರಿ, ಹೊಸ ಪೋಸ್ಟ್ ಹಾಕಿ, ಅಲ್ಲಿ ನೋಡೋಣ.

ಕ್ಯಾತ್ಸಂದ್ರ ಮೇಷ್ಟ್ರು · ಜನವರಿ 19

ಎರಡು ಟ್ಯಾಂಕ್ ಲೆಕ್ಕ. ಮೊದಲನೆಯದು 356 ಕಿಲೋಮೀಟರಿಗೆ 22.9 ಲೀಟರ್, 15.5. ಎರಡನೆಯದು 340ಕ್ಕೆ 21.7 ಲೀಟರ್, 15.7. ಗ್ಯಾರೇಜಿನ ಅಣ್ಣನಿಗೆ ಹೃದಯಪೂರ್ವಕ ಧನ್ಯವಾದ. ಆಕ್ಸಿಜನ್ ಸೆನ್ಸರ್, ಇಂಜೆಕ್ಟರ್ ಯಾವುದಕ್ಕೂ ಕೈ ಹಾಕಲಿಲ್ಲ. ಹಳೇ 16.2ಕ್ಕೆ ಇನ್ನೂ ಅರ್ಧ ಪಾಯಿಂಟ್ ಬಾಕಿ ಇದೆ.

ಗೌರಿಬಿದನೂರು ಹುಡುಗ · ಜನವರಿ 19

ಆ ಅರ್ಧ ಪಾಯಿಂಟ್ ಎಥನಾಲೇ ಸರ್. ಅದನ್ನಾದ್ರೂ ಒಪ್ಪಿ.

ಕೋಲಾರ ಗ್ಯಾರೇಜ್ · ಜನವರಿ 19

ಇರಬಹುದು ತಮ್ಮ. ಆದ್ರೆ ಮೇಷ್ಟ್ರು ದಸರೆಗೆ ಟೈರ್ ಹಾಕಿಸಿದಾರೆ. ಅದೇ ಸೈಜಾ ಮೇಷ್ಟ್ರೇ?

ಕ್ಯಾತ್ಸಂದ್ರ ಮೇಷ್ಟ್ರು · ಜನವರಿ 20

ಹಳೇದು 165/65 R14. ಅಂಗಡಿಯವರು ಹಿಡಿತ ಚೆನ್ನಾಗಿರುತ್ತೆ ಅಂತ 175/65 R14 ಹಾಕಿದ್ರು.

ಕೋಲಾರ ಗ್ಯಾರೇಜ್ · ಜನವರಿ 20

ಹೊಸ ಚಕ್ರದ ಸುತ್ತಳತೆ ಎರಡು ಪರ್ಸೆಂಟಿಗಿಂತ ಸ್ವಲ್ಪ ಜಾಸ್ತಿ. ನೀವು 102 ಕಿಲೋಮೀಟರ್ ಹೋದ್ರೂ ಮೀಟರ್ 100 ಅಂತ ಎಣಿಸುತ್ತೆ. ಅಗಲ ಟೈರು ಸ್ವಲ್ಪ ಭಾರಕ್ಕೂ ಓಡುತ್ತೆ. ಊರಿಗೆ ಹೋಗೋವಾಗ ಫೋನಿನ ಜಿಪಿಎಸ್ ಜೊತೆ ಹೋಲಿಸಿ.

ಕ್ಯಾತ್ಸಂದ್ರ ಮೇಷ್ಟ್ರು · ಜನವರಿ 25

ಮಧುಗಿರಿ ಕಡೆ ಹೋಗಿಬಂದೆ. ಫೋನ್ 86.4, ಮೀಟರ್ 84.5. ಆ ಲೆಕ್ಕಕ್ಕೆ 15.6 ಅನ್ನೋದು ನಿಜದಲ್ಲಿ ಹೆಚ್ಚೂಕಮ್ಮಿ 16 ಆಗುತ್ತೆ. ಹಿಂದಿನ ಚಳಿಗಾಲದ ಲೆಕ್ಕಕ್ಕೆ ಸರಿಹೋಯ್ತು. ಎಥನಾಲಿನ ಪಾಲು ಎಷ್ಟು ಅಂತ ಬೇಸಿಗೆ ಲೆಕ್ಕ ಬಂದ ಮೇಲೆ ನೋಡಬೇಕು.

ಗೌರಿಬಿದನೂರು ಹುಡುಗ · ಜನವರಿ 25

ಏಪ್ರಿಲ್‌ನಲ್ಲಿ ಮರೀದೆ ಹಾಕಿ ಸರ್. ನಾನು ಇನ್ನೂ ಎಥನಾಲ್ ಅಂತಾನೇ ಹೇಳ್ತೀನಿ.

ತಿಪಟೂರು ಟ್ರಾವೆಲ್ಸ್ · ಜನವರಿ 26

ಕೋಲಾರದಣ್ಣ, ನಿನ್ನೆ ನನ್ನ ಒಂದು ಗಾಡಿಗೆ ಫೋನ್ ಜೋಡಿಸಿ ನೋಡಿದೆ. ಹೈವೇನಲ್ಲಿ 66. ರೇಡಿಯೇಟರಿಗೆ ಮೂರು ವರ್ಷದಿಂದ ಬೋರಿನ ನೀರೇ ಹಾಕ್ತಿದ್ದೀವಿ. ಈಗ ವಾಲ್ವ್ ಹಾಕಿಸಿದ್ರೆ ಹೀಟ್ ಆಗುತ್ತಾ, ಮೊದಲು ರೇಡಿಯೇಟರ್ ಕ್ಲೀನ್ ಮಾಡಿಸಬೇಕಾ?

ಕೋಲಾರ ಗ್ಯಾರೇಜ್ · ಜನವರಿ 26

ಮೊದಲು ರೇಡಿಯೇಟರ್ ಅಣ್ಣ. ಪೊರೆ ಕಟ್ಟಿದ್ರೆ ವಾಲ್ವ್ ಇಲ್ಲದ್ದಕ್ಕೇ ಇಷ್ಟು ದಿನ ಹೇಗೋ ತಡೆದಿರುತ್ತೆ. ಇಂಜಿನ್ ತಣ್ಣಗಿದ್ದಾಗ ಮುಚ್ಚಳ ತೆಗೆದು ಒಳಗಿನ ಕೊಳವೆಗಳ ಬಾಯಿ ಫೋಟೊ ತೆಗೆದು ಹಾಕಿ. ಬಿಳೀ ಪೊರೆ ಎಷ್ಟಿದೆ ನೋಡಿ ಹೇಳ್ತೀನಿ.